ನಲವತ್ತು ಜನರನ್ನು ಎರಡು ಗುಂಪಿಗೆ ಹಂಚುವುದು: ದಾಳ, ಲಕೋಟೆ ಮತ್ತು ಬ್ಲಾಕ್ ರ‍್ಯಾಂಡಮೈಸೇಶನ್

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಕೈ ನೋಡಿದ್ದೀರಾ? ದಿನವಿಡೀ ಬಿಸಿನೀರಲ್ಲಿ ಬೆರಳಾಡಿಸಿ, ಬೆಂದ ಗೂಡಿನಿಂದ ಎಳೆ ಹಿಡಿದು ಹಿಡಿದು ಚರ್ಮ ಬಿಳಿಚಿಕೊಂಡು ಸುಲಿದಿರುತ್ತದೆ. ಚಳಿಗಾಲದಲ್ಲಿ ಬಿರುಕು ಬಿಟ್ಟು ರಕ್ತ ಬರುವುದೂ ಉಂಟು. ಈ ಕೈಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ನೀವು ನರ್ಸಿಂಗ್ ಅಥವಾ ಸಮುದಾಯ ಆರೋಗ್ಯದ ವಿದ್ಯಾರ್ಥಿ ಅಂದುಕೊಳ್ಳಿ. ರಾತ್ರಿ ಮಲಗುವಾಗ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಹತ್ತಿಯ ಗ್ಲೌಸ್ ಹಾಕಿಕೊಂಡರೆ ಆರು ವಾರದಲ್ಲಿ ಕೈ ಸುಧಾರಿಸುತ್ತದೆಯಾ ಎಂಬುದು ನಿಮ್ಮ ಪ್ರಶ್ನೆ. ನಲವತ್ತು ಜನ ಒಪ್ಪಿದ್ದಾರೆ. ಅರ್ಧ ಜನರಿಗೆ ಡಬ್ಬಿ ಮತ್ತು ಗ್ಲೌಸ್, ಇದು ಚಿಕಿತ್ಸೆ ಗುಂಪು. ಉಳಿದರ್ಧ ಈಗ ಏನು ಮಾಡುತ್ತಿದ್ದಾರೋ ಅದನ್ನೇ ಮಾಡಿಕೊಂಡಿರುತ್ತಾರೆ, ಆರು ವಾರ ಮುಗಿದ ಮೇಲೆ ಅವರಿಗೂ ಡಬ್ಬಿ ಸಿಗುತ್ತದೆ. ಅದು ಹೋಲಿಕೆ ಗುಂಪು, ಎಲ್ಲರೂ ಕಂಟ್ರೋಲ್ ಅನ್ನುವುದು ಇದನ್ನೇ. ಮುಂದೆ ಬರೆಯುವಾಗ ಚಿಕಿತ್ಸೆಗೆ ‘ಚ’, ಹೋಲಿಕೆಗೆ ‘ಹ’ ಅಂತ ಇಟ್ಟುಕೊಳ್ಳುತ್ತೇನೆ.

ಯಾರಿಗೆ ಚ, ಯಾರಿಗೆ ಹ? ಅದನ್ನು ತೀರ್ಮಾನ ಮಾಡುವುದು ಹೇಗೆ ಅನ್ನುವುದಷ್ಟೇ ಈ ಬರಹದ ವಿಷಯ.

ಸುಮ್ನೆ ನಾಣ್ಯ ಚಿಮ್ಮಿದರೆ ಆಗಲ್ವಾ?

ಆಗುತ್ತದೆ. ಅದರಲ್ಲಿ ಮೋಸವೇನೂ ಇಲ್ಲ. ಆದರೆ ನಲವತ್ತು ಸಲ ಚಿಮ್ಮಿದರೆ ಸರಿಯಾಗಿ 20-20 ಬರುವ ಸಾಧ್ಯತೆ ಎಂಟರಲ್ಲಿ ಒಂದು ಮಾತ್ರ. 24-16 ಅಥವಾ ಅದಕ್ಕಿಂತ ಓರೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು, ಏಕೆಂದರೆ ತುಂಬಾ ಪಾಠಗಳಲ್ಲಿ ಇದನ್ನು ಹೇಳುವುದಿಲ್ಲ. 24-16 ಆದರೆ ಆಕಾಶ ಕಳಚಿ ಬೀಳುವುದಿಲ್ಲ. ಲೆಕ್ಕ ಹಾಕಿದರೆ ಆ ನಲವತ್ತು ಜನರು ಸಮವಾಗಿ ಹಂಚಿದ ಮೂವತ್ತೆಂಟೂವರೆ ಜನರಷ್ಟು ಕೆಲಸ ಮಾಡುತ್ತಾರೆ. ಒಂದೂವರೆ ಜನರ ನಷ್ಟ, ಅಷ್ಟೇ. ಹಾಗಾದರೆ ಬ್ಲಾಕ್, ಅಂದರೆ ಕೆಲವೇ ಜನರ ಚಿಕ್ಕ ಚಿಕ್ಕ ಕಂತಿನಲ್ಲಿ ಎರಡೂ ಗುಂಪನ್ನು ಸಮವಾಗಿ ಹಂಚುವುದು, ಯಾಕೆ ಬೇಕು?

ಕಾಲಕ್ಕಾಗಿ. ನಲವತ್ತು ಜನ ಒಂದೇ ದಿನ ಬರುವುದಿಲ್ಲ. ಅಕ್ಟೋಬರ್‌ನಲ್ಲಿ ಹತ್ತು, ನವೆಂಬರ್‌ನಲ್ಲಿ ಹತ್ತು, ಡಿಸೆಂಬರ್–ಜನವರಿಯಲ್ಲಿ ಇಪ್ಪತ್ತು ಜನ ಬಂದರು ಅನ್ನಿ. ಮೊದಲು ಬಂದವರಲ್ಲಿ ಚ ಜಾಸ್ತಿ, ಚಳಿಯಲ್ಲಿ ಬಂದವರಲ್ಲಿ ಹ ಜಾಸ್ತಿ ಆದರೆ, ಕೊನೆಗೆ 20-20 ಬಂದರೂ ಹೋಲಿಕೆ ಕೆಡುತ್ತದೆ. ಚಳಿಗೆ ಒಡೆದ ಕೈಯನ್ನು ಜೆಲ್ಲಿ ಹಚ್ಚದೆ ಒಡೆದ ಕೈ ಅಂತ ಓದಿಬಿಡುತ್ತೇವೆ. ಬ್ಲಾಕ್ ವಿಧಾನ ಕೊನೆಯ ಲೆಕ್ಕವನ್ನಷ್ಟೇ ಅಲ್ಲ, ದಾರಿಯುದ್ದಕ್ಕೂ ಎರಡೂ ಗುಂಪನ್ನು ಹೆಚ್ಚುಕಮ್ಮಿ ಸಮವಾಗಿ ನಡೆಸಿಕೊಂಡು ಹೋಗುತ್ತದೆ. ಹಣ ಮುಗಿದು ಇಪ್ಪತ್ತೇಳನೆಯವರಿಗೇ ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲಿ ಹೆಚ್ಚುಕಮ್ಮಿ ಸಮವಾದ ಗುಂಪು ಇರುತ್ತದೆ.

ಇನ್ನೊಂದು ಅಭ್ಯಾಸ ನಮ್ಮಲ್ಲಿ ಜಾಸ್ತಿ: ಒಂದು ಬಿಟ್ಟು ಒಂದು. ಮೊದಲು ಬಂದವರಿಗೆ ಚ, ಎರಡನೆಯವರಿಗೆ ಹ. ಅಥವಾ ಟೋಕನ್ ಸಂಖ್ಯೆ ಸರಿಯಾದರೆ ಚ, ಬೆಸವಾದರೆ ಹ. ಇದು ರ‍್ಯಾಂಡಮೈಸೇಶನ್, ಅಂದರೆ ಅದೃಷ್ಟಕ್ಕೆ ಬಿಟ್ಟ ಹಂಚಿಕೆ, ಅಲ್ಲವೇ ಅಲ್ಲ. ಸಾಲಿನಲ್ಲಿ ನಿಂತವರಿಗೂ ಮುಂದಿನದು ಯಾವುದು ಅಂತ ಗೊತ್ತಿರುತ್ತದೆ.

ಮೊದಲ ಹೆಜ್ಜೆ: ಮೂರು ಕೆಲಸ, ಮೂರು ಜನ

ಯಾರಿಗೆ ಯಾವ ಗುಂಪು ಅನ್ನುವ ಪಟ್ಟಿ ತಯಾರಿಸಿ, ಒಬ್ಬೊಬ್ಬರ ಗುಂಪನ್ನು ಒಂದೊಂದು ಲಕೋಟೆಯಲ್ಲಿ ಮುಚ್ಚಿಡುವವರು ಒಬ್ಬರು. ಜನರನ್ನು ಸೇರಿಸಿಕೊಳ್ಳುವವರು ಇನ್ನೊಬ್ಬರು. ಆರು ವಾರದ ಮೇಲೆ ಕೈ ನೋಡಿ ಅಂಕ ಕೊಡುವವರು ಮೂರನೆಯವರು. ಚಿಕ್ಕ ಅಧ್ಯಯನದಲ್ಲಿ ಮೂವರನ್ನು ಹೊಂದಿಸುವುದು ಕಷ್ಟ, ಗೊತ್ತು. ಆದರೂ ಮೊದಲ ಇಬ್ಬರು ಬೇರೆ ಬೇರೆ ಇರಲೇಬೇಕು. ಜನರನ್ನು ಸೇರಿಸಿಕೊಳ್ಳುವ ಶಿಬಿರಕ್ಕೆ ಕಾಲಿಡದ ಒಬ್ಬರನ್ನು ಹುಡುಕಿ. ಚಿಕ್ಕಬಳ್ಳಾಪುರದಲ್ಲೋ ಕೋಲಾರದಲ್ಲೋ ಇರುವ ನಿಮ್ಮ ಪರಿಚಯದ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಸಾಕು. ಅವರ ಕೆಲಸ ಒಂದು ಮಧ್ಯಾಹ್ನದ್ದು: ಪಟ್ಟಿ ಮಾಡಿ, ಲಕೋಟೆ ಅಂಟಿಸಿ, ಮೂಲ ಪ್ರತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು.

ಅಂಕ ಕೊಡುವವರಿಗೆ ಗುಂಪು ಗೊತ್ತಿರಬಾರದು. ಕೈ ತೋರಿಸಲು ಬರುವ ಹೆಂಗಸಿಗೆ “ನಿಮಗೆ ಡಬ್ಬಿ ಕೊಟ್ಟಿದ್ದರಾ ಇಲ್ಲವಾ ಅಂತ ಈ ಮೇಡಂಗೆ ಹೇಳಬೇಡಿ ಅಮ್ಮ” ಅಂತ ಬಾಗಿಲಲ್ಲೇ ಹೇಳಿ ಕಳಿಸಿ. ಈ ಕಡೆ ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವವರು ಬಹಳ. ಅವರಿಗೆ ಅವರ ಮಾತಲ್ಲೇ ಹೇಳಿ.

ಎರಡನೆಯ ಹೆಜ್ಜೆ: ಪದರ ಬೇಕಾ, ಎಷ್ಟು ಬೇಕು

ಕೈ ಎಷ್ಟು ಕೆಟ್ಟಿರುತ್ತದೆ ಅನ್ನುವುದು ಯಾವ ಯಂತ್ರದಲ್ಲಿ ಕೆಲಸ ಅನ್ನುವುದರ ಮೇಲೆ ಬದಲಾಗಬಹುದು. ಚರಕದಲ್ಲಿ ಬಿಚ್ಚುವವರ ಕೆಲಸ ಒಂದು ಥರ, ಕಾಟೇಜ್ ಬೇಸಿನ್‌ನಲ್ಲಿ ಇನ್ನೊಂದು ಥರ. ಹಾಗಾಗಿ ಇವರಿಬ್ಬರಿಗೂ ಬೇರೆ ಬೇರೆ ಪಟ್ಟಿ ಮಾಡುತ್ತೇವೆ. ನಮ್ಮ ಉದಾಹರಣೆಯಲ್ಲಿ ಚರಕದವರು 16, ಬೇಸಿನ್‌ನವರು 24. ಇದಕ್ಕೆ ಸ್ಟ್ರಾಟಿಫಿಕೇಶನ್ ಅನ್ನುತ್ತಾರೆ. ಪದರ ಅಂದರೂ ಸಾಕು.

ಇಲ್ಲಿಗೆ ನಿಲ್ಲಿಸಿ. ವಯಸ್ಸು ಸೇರಿಸೋಣ, ಕೈಯ ಸ್ಥಿತಿ ಸೇರಿಸೋಣ ಅನ್ನಿಸುತ್ತದೆ. ಮೂರು ವಿಷಯ, ಒಂದೊಂದಕ್ಕೂ ಎರಡು ಭಾಗ ಅಂದರೆ ಎಂಟು ಪಟ್ಟಿ. ಒಂದೊಂದರಲ್ಲಿ ಸರಾಸರಿ ಐದು ಜನ. ನಾಲ್ಕರ ಬ್ಲಾಕ್ ಇಟ್ಟರೆ ಹೆಚ್ಚಿನ ಪಟ್ಟಿಗಳು ಅರ್ಧ ಬ್ಲಾಕಿಗೇ ನಿಂತುಹೋಗುತ್ತವೆ. ಒಂದೊಂದರಲ್ಲೂ ಎರಡರ ವ್ಯತ್ಯಾಸ ಒಂದೇ ಕಡೆಗೆ ಬಿದ್ದರೆ ಒಟ್ಟು ಹದಿನಾರರವರೆಗೆ ಹೋಗಬಹುದು. ಅಷ್ಟಾಗುವುದು ಅಪರೂಪ, ಆದರೂ ಪದರ ಹೆಚ್ಚಿದಷ್ಟೂ ಬ್ಲಾಕಿನ ಲಾಭ ಕರಗುತ್ತದೆ. ನಲವತ್ತು ಜನಕ್ಕೆ ಒಂದು ವಿಷಯ, ಎರಡು ಪದರ. ನಾನಂತೂ ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಮೂರನೆಯ ಹೆಜ್ಜೆ: ದಾಳ ಹಾಕುವುದು

ಬ್ಲಾಕ್ ಅಂದರೆ ಒಂದು ಚಿಕ್ಕ ಕಂತು. ನಾಲ್ಕು ಜನರ ಬ್ಲಾಕಿನಲ್ಲಿ ಎರಡು ಚ, ಎರಡು ಹ ಇದ್ದೇ ಇರುತ್ತವೆ. ಯಾವ ಕ್ರಮದಲ್ಲಿ ಅನ್ನುವುದು ಮಾತ್ರ ಅದೃಷ್ಟಕ್ಕೆ ಬಿಟ್ಟದ್ದು. ಎರಡು ಚ, ಎರಡು ಹ ಜೋಡಿಸುವ ವಿಧ ಒಟ್ಟು ಆರು. ದಾಳಕ್ಕೂ ಆರೇ ಮುಖ. ಇಷ್ಟು ಚೆನ್ನಾಗಿ ಹೊಂದುವ ಲೆಕ್ಕ ಅಪರೂಪ.

1 ಬಿದ್ದರೆ ಚ ಚ ಹ ಹ
2 ಬಿದ್ದರೆ ಚ ಹ ಚ ಹ
3 ಬಿದ್ದರೆ ಚ ಹ ಹ ಚ
4 ಬಿದ್ದರೆ ಹ ಚ ಚ ಹ
5 ಬಿದ್ದರೆ ಹ ಚ ಹ ಚ
6 ಬಿದ್ದರೆ ಹ ಹ ಚ ಚ

ಚರಕದ ಪದರಕ್ಕೆ ಹದಿನಾರು ಜನ, ಅಂದರೆ ನಾಲ್ಕು ಸಲ ದಾಳ. ಹಾಕಿದೆವು ಅನ್ನಿ: 4, 1, 1, 5. ಪಟ್ಟಿ ಹೀಗಾಯಿತು:

ಹ ಚ ಚ ಹ | ಚ ಚ ಹ ಹ | ಚ ಚ ಹ ಹ | ಹ ಚ ಹ ಚ

ಎಣಿಸಿ ನೋಡಿ: ಎಂಟು ಚ, ಎಂಟು ಹ. ಹತ್ತನೆಯವರಿಗೆ ನಿಲ್ಲಿಸಿದರೆ ಆರು ಚ, ನಾಲ್ಕು ಹ. ನಾಲ್ಕರ ಬ್ಲಾಕಿನಲ್ಲಿ ಇದಕ್ಕಿಂತ ದೊಡ್ಡ ಅಂತರ ಬರುವುದೇ ಇಲ್ಲ. ಬ್ಲಾಕಿನ ಅರ್ಧ ಎಷ್ಟೋ ಅಷ್ಟೇ ಗರಿಷ್ಠ.

ಇಲ್ಲೊಂದು ಚಪಲ ಬರುತ್ತದೆ. 1 ಎರಡು ಸಲ ಸಾಲಾಗಿ ಬಿತ್ತು, “ಇದು ರ‍್ಯಾಂಡಮ್ ಥರ ಕಾಣ್ತಿಲ್ಲ, ಇನ್ನೊಂದು ಸಲ ಹಾಕೋಣ” ಅಂತ. ಹಾಕಬೇಡಿ. ಬಿದ್ದದ್ದು ಬಿದ್ದ ಹಾಗೆ ಬರೆಯಿರಿ. ಕಣ್ಣಿಗೆ ಚೆನ್ನಾಗಿ ಕಾಣುವ ಪಟ್ಟಿಯನ್ನು ಆರಿಸಿಕೊಂಡರೆ ಆರಿಸಿದ್ದು ನೀವೇ ಹೊರತು ದಾಳವಲ್ಲ. ದಾಳ ಮಂಚದ ಕೆಳಗೆ ಉರುಳಿದರೆ ಏನು ಮಾಡುವುದು ಅನ್ನುವುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಮರದ ಪೆಟ್ಟಿಗೆಯೊಳಗೆ ಹಾಕಿದರೆ ಆ ತಂಟೆಯೇ ಇಲ್ಲ.

ನಾಲ್ಕನೆಯ ಹೆಜ್ಜೆ: ಊಹೆಗೆ ಸಿಗದ ಹಾಗೆ ಮಾಡುವುದು

ಈಗ ಮೇಲಿನ ಪಟ್ಟಿಯನ್ನು ಶಿಬಿರದಲ್ಲಿ ಕೂತ ನರ್ಸ್ ಕಣ್ಣಿಂದ ನೋಡಿ. ಬ್ಲಾಕಿನ ಅಳತೆ ನಾಲ್ಕು ಅಂತ ಆಕೆಗೆ ಗೊತ್ತು. ಐದನೆಯ ಲಕೋಟೆ ಚ. ಆರನೆಯದು ಚ. ಏಳು ಮತ್ತು ಎಂಟು? ಹ ಬಿಟ್ಟು ಬೇರೇನೂ ಆಗಲು ಸಾಧ್ಯವಿಲ್ಲ. ಪ್ರತಿ ಬ್ಲಾಕಿನ ಕೊನೆಯದು ಯಾವಾಗಲೂ ಗೊತ್ತಾಗುತ್ತದೆ. ಮೂರರಲ್ಲಿ ಒಂದು ಬ್ಲಾಕಿನಲ್ಲಿ ಕೊನೆಯ ಎರಡೂ ಗೊತ್ತಾಗುತ್ತವೆ. ಒಟ್ಟಾರೆ ಮೂರರಲ್ಲಿ ಒಬ್ಬರ ಗುಂಪು ಮೊದಲೇ ಖಚಿತವಾಗಿ ತಿಳಿದುಹೋಗುತ್ತದೆ.

ನಾನೇ ಇದರಲ್ಲಿ ಎಡವಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಚಿಕ್ಕ ಅಧ್ಯಯನಕ್ಕೆ ಪಟ್ಟಿ ಮಾಡಿಕೊಟ್ಟೆ. ಎಲ್ಲಾ ನಾಲ್ಕರ ಬ್ಲಾಕ್. ಅದನ್ನು ಪ್ರೋಟೋಕಾಲ್‌ನಲ್ಲೂ ಬರೆದುಬಿಟ್ಟೆ. ಅರ್ಧ ದಾರಿಯಲ್ಲಿ ರಿಜಿಸ್ಟರ್ ತಿರುವುವಾಗ ಒಂದು ವಿಚಿತ್ರ ಕಂಡಿತು. ಸುಮಾರು ಜನ ಬೆಳಿಗ್ಗೆ ಬಂದಿದ್ದಾರೆ, ಲಕೋಟೆ ತೆರೆದದ್ದು ಮಧ್ಯಾಹ್ನ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ನಾಲ್ಕು ನಾಲ್ಕಕ್ಕೆ ಒಂದು ಗೆರೆ. ಕೇಳಿದೆ. ಅಲ್ಲಿನ ನರ್ಸ್ ಮುಚ್ಚಿಡಲೂ ಇಲ್ಲ. “ಸಾರ್, ಪಾಪ, ಆ ಅಜ್ಜಿಗೆ ತುಂಬಾ ನೋವಿತ್ತು. ಮುಂದಿನದು ಸುಮ್ನೆ ನೋಡೋ ಗುಂಪು ಅಂತ ಗೊತ್ತಿತ್ತು. ಊಟ ಮಾಡ್ಕೊಂಡು ಬಾ ಅಜ್ಜಿ ಅಂದೆ, ಅಷ್ಟರಲ್ಲಿ ಬೇರೆ ಒಬ್ಬರು ಬಂದ್ರು, ಅವರಿಗೆ ಅದು ಹೋಯ್ತು.” ಕರುಣೆಯಿಂದ ಮಾಡಿದ್ದು. ಬೈಯಲು ಬಾಯೇ ಬರಲಿಲ್ಲ. ಆದರೆ ನೋವು ಜಾಸ್ತಿ ಇದ್ದವರೆಲ್ಲ ಒಂದೇ ಗುಂಪಿಗೆ ಸೇರುತ್ತಿದ್ದರು. ಗುಂಪಿನ ಗಾತ್ರ ಮಾತ್ರ ತಕ್ಕಡಿ ತೂಕದ ಹಾಗೆ ಸಮ! ತಪ್ಪು ಆಕೆಯದಲ್ಲ, ಗೆರೆ ಎಳೆಯಲು ಬರುವಂಥ ಪಟ್ಟಿ ಕೊಟ್ಟ ನನ್ನದು.

ನಮ್ಮ ಕೈ ಅಧ್ಯಯನದಲ್ಲೂ ಇದೇ ಆಗುತ್ತದೆ. ಡಬ್ಬಿ ಯಾರಿಗೆ ಹೋಯಿತು ಅನ್ನುವುದು ಎಲ್ಲರ ಕಣ್ಣೆದುರೇ ಇರುತ್ತದೆ. ಹಾಗಾಗಿ ಎರಡು ಕೆಲಸ ಮಾಡಿ. ಬ್ಲಾಕಿನ ಅಳತೆಯನ್ನು ನಾಲ್ಕು ಮತ್ತು ಆರರ ನಡುವೆ ಬದಲಾಯಿಸುತ್ತಾ ಹೋಗಿ, ಯಾವುದು ಯಾವಾಗ ಅನ್ನುವುದೂ ಅದೃಷ್ಟಕ್ಕೇ ಇರಲಿ. ಎರಡರ ಬ್ಲಾಕ್ ಬೇಡ, ಅದರಲ್ಲಿ ಎರಡನೆಯವರು ಯಾವಾಗಲೂ ಬಯಲು. ಮತ್ತೆ, ಅಳತೆ ಎಷ್ಟೆಂದು ಶಿಬಿರದಲ್ಲಿ ಕೂರುವ ಯಾರಿಗೂ ಹೇಳಬೇಡಿ. ಇದರಿಂದ ಊಹೆ ಪೂರ್ತಿ ನಿಲ್ಲುವುದಿಲ್ಲ. ಮೂರು ಚ ಸಾಲಾಗಿ ಬಂದರೆ ಮುಂದಿನದು ಹ ಇರಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಪೆನ್ಸಿಲ್ ಗೆರೆ ಎಳೆಯಲು ಮಾತ್ರ ಆಗುವುದಿಲ್ಲ.

ಆರರ ಬ್ಲಾಕಿಗೆ ಜೋಡಣೆ ಇಪ್ಪತ್ತು ವಿಧ. ದಾಳಕ್ಕೆ ಹೊಂದುವುದಿಲ್ಲ. ಮೂರು ಚ, ಮೂರು ಹ ಚೀಟಿ ಮಡಚಿ ಡಬ್ಬದಲ್ಲಿ ಕುಲುಕಿ ಒಂದೊಂದಾಗಿ ತೆಗೆದರೆ ಆಯಿತು. ಕಂಪ್ಯೂಟರ್ ಇದ್ದರೆ ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಇಷ್ಟು ಸಾಕು. ಕೆಳಗೆ A ಅಂದರೆ ಚ, B ಅಂದರೆ ಹ:

```r
set.seed(48213)
patti <- c()
while (length(patti) < 24) {
  n <- sample(c(4, 6), 1)
  patti <- c(patti, sample(rep(c("A", "B"), n / 2)))
}
patti
```

ಇದು ಬೇಸಿನ್‌ನವರ ಪಟ್ಟಿ. ಮೊದಲ ಸಾಲಿನ ಸಂಖ್ಯೆ ನಿಮ್ಮಿಷ್ಟದ್ದು, ಆದರೆ ಬರೆದಿಟ್ಟುಕೊಳ್ಳಿ. ಅದೇ ಸಂಖ್ಯೆ ಕೊಟ್ಟರೆ ಅದೇ ಪಟ್ಟಿ ಮತ್ತೆ ಬರುತ್ತದೆ, ಮುಂದೆ ಯಾರಾದರೂ ಕೇಳಿದರೆ ತೋರಿಸಬಹುದು. ಅದೇ ಕಾರಣಕ್ಕೆ ಆ ಸಂಖ್ಯೆಯೂ ಗುಟ್ಟಾಗಿರಬೇಕು. ಚರಕದವರಿಗೆ ಬೇರೆ ಸಂಖ್ಯೆ ಕೊಟ್ಟು, 24ರ ಜಾಗದಲ್ಲಿ 16 ಹಾಕಿ ಇನ್ನೊಮ್ಮೆ ಓಡಿಸಿ. ಕೊನೆಯ ಬ್ಲಾಕ್ ಪೂರ್ತಿಯಾಗಿಯೇ ಬರುವುದರಿಂದ ಪಟ್ಟಿ ಬೇಕಾದ್ದಕ್ಕಿಂತ ಎರಡೋ ನಾಲ್ಕೋ ಉದ್ದವಾಗಬಹುದು. ಕತ್ತರಿಸಬೇಡಿ, ಆ ಲಕೋಟೆಗಳನ್ನೂ ತಯಾರಿಸಿಡಿ.

ಐದನೆಯ ಹೆಜ್ಜೆ: ಲಕೋಟೆ

1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಕ್ಷಯರೋಗ ಪ್ರಯೋಗದಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಬಳಸಿದ್ದೂ ಲಕೋಟೆಯನ್ನೇ. ಪಟ್ಟಿ ಯಾದೃಚ್ಛಿಕ ಸಂಖ್ಯೆಗಳಿಂದ ಬಂದಿತ್ತು, ರೋಗಿಗಳನ್ನು ಸೇರಿಸುವ ವೈದ್ಯರಿಗೆ ಅದು ಗೊತ್ತಿರಲಿಲ್ಲ. ಮೊಹರು ಮಾಡಿದ ಲಕೋಟೆಯ ಹೊರಗೆ ಆಸ್ಪತ್ರೆಯ ಹೆಸರು ಮತ್ತು ಒಂದು ಸಂಖ್ಯೆ, ಒಳಗೆ ಗುಂಪು. 55 ಜನರಿಗೆ ಔಷಧ ಹೋಯಿತು, 52 ಜನ ಹೋಲಿಕೆಗೆ ಉಳಿದರು. ಇವತ್ತಿಗೂ ಇಂಟರ್ನೆಟ್ ಸರಿಯಾಗಿ ಸಿಗದ ಶಿಬಿರದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕಂದು ಬಣ್ಣದ ದಪ್ಪ ಲಕೋಟೆ ತನ್ನಿ. ಚೀಟಿ ಎಲ್ಲಾ ಒಂದೇ ಅಳತೆ, ಒಂದೇ ಮಡಿಕೆ ಇರಲಿ. ಚೀಟಿಯ ಮುಂದೆ ಒಂದು ತುಂಡು ಕಾರ್ಬನ್ ಕಾಗದ, ಮಸಿಯ ಮುಖ ಚೀಟಿಯ ಕಡೆಗೆ. ಹಿಂದೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಪಟ್ಟಿ ಮಾಡಿದವರ ಸಹಿ. ಹೊರಗೆ ‘ಚರಕ 1’, ‘ಚರಕ 2’ ಹೀಗೆ ಸಂಖ್ಯೆ. ಆಮೇಲೆ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಲಕೋಟೆಯ ಬೆನ್ನಿಗೆ ಒತ್ತಿ ಹಿಡಿದು ನೋಡಿ. ಅಕ್ಷರದ ನೆರಳು ಕಂಡರೂ ಆ ಲಕೋಟೆ ಕೆಲಸಕ್ಕೆ ಬರುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ ಸಾಕೆನ್ನಬೇಡಿ. ಓದಬೇಕು ಅನ್ನುವವರು ಟಾರ್ಚನ್ನೇ ಹಿಡಿಯುತ್ತಾರೆ.

ಕಾರ್ಬನ್ ಯಾಕೆ? ಲಕೋಟೆ ತೆರೆಯುವ ಮುಂಚೆ ಅದರ ಮೇಲೆ ಆ ಹೆಂಗಸಿನ ಹೆಸರು, ದಿನಾಂಕ, ಸಮಯವನ್ನು ಬಾಲ್ ಪೆನ್ನಿನಿಂದ ಒತ್ತಿ ಬರೆಯಬೇಕು. ಅದು ಒಳಗಿನ ಚೀಟಿಯ ಮೇಲೂ ಮೂಡುತ್ತದೆ. ಮೊದಲು ತೆರೆದು ನೋಡಿ ಆಮೇಲೆ “ಯಾರಿಗೆ ಕೊಡೋಣ” ಅಂತ ಯೋಚಿಸಿದ್ದರೆ ಚೀಟಿಯ ಮೇಲೆ ಹೆಸರು ಇರುವುದಿಲ್ಲ. ಸಿಕ್ಕಿಬೀಳುತ್ತದೆ.

ಆರನೆಯ ಹೆಜ್ಜೆ: ಶಿಬಿರದ ದಿನ

ಕ್ರಮ ಮುಖ್ಯ. ಒಬ್ಬಾಕೆ ಬಂದಳು. ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದಾ ಅಂತ ಮೊದಲು ನೋಡಿ. ಒಂದೇ ಮನೆಯ ಅತ್ತೆ–ಸೊಸೆ ಇಬ್ಬರೂ ಬಂದರೆ ಒಬ್ಬರನ್ನೇ ತೆಗೆದುಕೊಳ್ಳಿ, ಇಲ್ಲವಾದರೆ ಒಂದು ಡಬ್ಬಿ ಎರಡು ಗುಂಪಿಗೂ ಓಡುತ್ತದೆ. ಆಮೇಲೆ ಎಲ್ಲ ವಿವರಿಸಿ ಒಪ್ಪಿಗೆ. “ನಿಮಗೆ ಈಗಲೇ ಡಬ್ಬಿ ಸಿಗಬಹುದು, ಇಲ್ಲವೇ ಆರು ವಾರ ಬಿಟ್ಟು ಸಿಗಬಹುದು, ಯಾವುದು ಅಂತ ನಾನು ಆರಿಸುವುದಿಲ್ಲ ಅಕ್ಕ” ಅನ್ನುವುದನ್ನು ಆಕೆ ಒಪ್ಪಬೇಕು. ಆಮೇಲೆ ಇವತ್ತಿನ ಕೈಯ ಅಂಕ, ಫೋಟೊ. ಅದೆಲ್ಲ ಬರೆದು ಮುಗಿದ ಮೇಲೆ, ಆಕೆಯ ಪದರದ ಮುಂದಿನ ಸಂಖ್ಯೆಯ ಲಕೋಟೆ. ಹೆಸರು ಬರೆದು, ಹರಿಯಿರಿ.

ಲಕೋಟೆ ಹರಿದ ಕ್ಷಣದಿಂದ ಆಕೆ ಆ ಗುಂಪಿನವಳು. “ಗ್ಲೌಸ್ ಹಾಕ್ಕೊಂಡ್ರೆ ನಿದ್ದೆ ಬರಲ್ಲ” ಅಂತ ಮರುದಿನವೇ ಬಿಟ್ಟರೂ ಲೆಕ್ಕದಲ್ಲಿ ಚಿಕಿತ್ಸೆ ಗುಂಪಿನಲ್ಲೇ ಇರುತ್ತಾಳೆ. ಆಕೆಯ ಲಕೋಟೆಯನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ. ಬೇಸಿನ್‌ನಾಕೆಗೆ ತಪ್ಪಿ ಚರಕದ ಲಕೋಟೆ ತೆರೆದರೆ? ಆಗುತ್ತದೆ, ಜನ ಜಾಸ್ತಿ ಇದ್ದ ದಿನ ಆಗಿಯೇ ಆಗುತ್ತದೆ. ಸರಿಪಡಿಸಲು ಹೋಗಬೇಡಿ. ಬಂದ ಗುಂಪನ್ನೇ ಇಟ್ಟುಕೊಂಡು, ತಪ್ಪಾಯಿತು ಅಂತ ರಿಜಿಸ್ಟರ್‌ನಲ್ಲಿ ಬರೆದು, ಮುಂದಿನವರಿಗೆ ಮುಂದಿನ ಲಕೋಟೆ ತೆಗೆಯಿರಿ. ಒಂದು ತಪ್ಪಿಂದ ಸಮತೋಲ ಒಂದು ಗೆರೆ ಅಲುಗಾಡಬಹುದು, ಅಷ್ಟೇ. ಹಿಂದಕ್ಕೆ ಹೋಗಿ ತಿದ್ದಿದರೆ ಪಟ್ಟಿ ಯಾರದೋ ಇಷ್ಟಕ್ಕೆ ತಕ್ಕಂತಾಗುತ್ತದೆ.

ಬಂದವರೆಲ್ಲರ ಹೆಸರನ್ನೂ ಬರೆದಿಡಿ, ಸೇರಿದವರದು ಮಾತ್ರವಲ್ಲ. ಒಲ್ಲೆ ಎಂದವರು, ಆಮೇಲೆ ಬರುತ್ತೇನೆ ಎಂದು ಹೋದವರು, ಬಂದ ಸಮಯ, ಲಕೋಟೆ ತೆರೆದ ಸಮಯ. ನನ್ನ ಆ ಹಳೇ ತಪ್ಪು ಸಿಕ್ಕಿದ್ದೇ ಈ ಎರಡು ಕಾಲಂನಿಂದ.

ನಡುನಡುವೆ ನೋಡಬೇಕಾದ್ದು

ವಾರಕ್ಕೊಮ್ಮೆ ಪಟ್ಟಿ ಮಾಡಿದವರು ರಿಜಿಸ್ಟರ್ ತರಿಸಿ ನೋಡಲಿ. ಪ್ರತಿ ಪದರದಲ್ಲೂ ಲಕೋಟೆಯ ಸಂಖ್ಯೆ ಏರಿದ ಹಾಗೆ ದಿನಾಂಕವೂ ಏರುತ್ತಿರಬೇಕು. ‘ಚರಕ 7’ ಸೋಮವಾರ, ‘ಚರಕ 6’ ಗುರುವಾರ ಅಂದರೆ ಯಾರೋ ಹಾರಿಸಿದ್ದಾರೆ. ಬಂದ ಸಮಯಕ್ಕೂ ತೆರೆದ ಸಮಯಕ್ಕೂ ಇರುವ ಅಂತರ ಕೆಲವರಿಗೆ ಮಾತ್ರ ಉದ್ದವಾಗಿದೆಯಾ? ಮೊದಲ ದಿನದ ಕೈಯ ಅಂಕ ಒಂದು ಗುಂಪಿನಲ್ಲಿ ಎದ್ದು ಕಾಣುವಷ್ಟು ಕೆಟ್ಟಿದೆಯಾ? ಚಿಕ್ಕ ಅಧ್ಯಯನದಲ್ಲಿ ಸ್ವಲ್ಪ ವ್ಯತ್ಯಾಸ ಅದೃಷ್ಟದಿಂದಲೂ ಬರುತ್ತದೆ. ಅದೊಂದನ್ನೇ ಹಿಡಿದು ಯಾರ ಮೇಲೂ ಅನುಮಾನ ಬೇಡ. ಸಮಯದ ಅಂತರವೂ ಅಂಕದ ವ್ಯತ್ಯಾಸವೂ ಒಟ್ಟಿಗೆ ಬಂದರೆ ಮಾತ್ರ ಕೂತು ಮಾತಾಡಿ.

ಡಬ್ಬಿ ಹಂಚಿಕೊಳ್ಳುವ ಸಮಸ್ಯೆಗೆ ಬ್ಲಾಕ್‌ನಲ್ಲಿ ಉತ್ತರವಿಲ್ಲ. ಒಂದೇ ಘಟಕದಲ್ಲಿ ಅಕ್ಕಪಕ್ಕ ಕೂರುವವರು ಕೊಟ್ಟು ತೆಗೆದುಕೊಂಡೇ ಮಾಡುತ್ತಾರೆ. ಅರ್ಧ ಡಬ್ಬಿ ಪಕ್ಕದವಳ ಕೈಗೆ ಹೋದರೆ ಎರಡು ಗುಂಪಿನ ಅಂತರ ಕರಗುತ್ತದೆ. ಖಾಲಿ ಡಬ್ಬಿ ವಾಪಸ್ ತರಿಸಿ, ಹೋಲಿಕೆ ಗುಂಪಿನವರನ್ನೂ “ಯಾರಾದರೂ ಕೊಟ್ಟಿದ್ದರಾ” ಅಂತ ಕೊನೆಯಲ್ಲಿ ಕೇಳಿ. ಇದು ತುಂಬಾ ಜಾಸ್ತಿ ಆಗುವ ಜಾಗವಾದರೆ ಹೆಂಗಸರ ಬದಲು ಘಟಕಗಳನ್ನೇ ಗುಂಪಿಗೆ ಹಂಚಬೇಕು. ಅದಕ್ಕೆ ನಲವತ್ತು ಜನ ಸಾಲುವುದಿಲ್ಲ.

ಕಾಗದಪತ್ರ

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದ ಮೇಲೆ, ಮೊದಲ ಹೆಂಗಸನ್ನು ಸೇರಿಸುವ ಮೊದಲು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಡೆಸುವ, ಇಂಥ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐ ತಾಣದಲ್ಲಿ ನೋಂದಣಿ ಮಾಡಿಸಿ. ಹಣ ಕೊಡಬೇಕಿಲ್ಲ. ಅಧ್ಯಯನ ಶುರುವಾದ ಮೇಲೆ ಹೋದರೆ 2018ರ ಏಪ್ರಿಲ್‌ನಿಂದ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಪಟ್ಟಿ ಹೇಗೆ ಮಾಡಿದಿರಿ, ಹೇಗೆ ಮುಚ್ಚಿಟ್ಟಿರಿ ಅಂತ ಅಲ್ಲಿ ಎರಡು ಪ್ರಶ್ನೆ ಬರುತ್ತವೆ. ಬದಲಾಗುವ ಅಳತೆಯ ಬ್ಲಾಕ್, ಸಂಖ್ಯೆ ಹಾಕಿದ ಮೊಹರು ಮಾಡಿದ ಅಪಾರದರ್ಶಕ ಲಕೋಟೆ ಅಂತ ಆರಿಸಿ. ನಾಲ್ಕು ಮತ್ತು ಆರು ಅಂತ ಎಲ್ಲೂ ಬರೆಯಬೇಡಿ. ಆ ಪುಟ ನಿಮ್ಮ ನರ್ಸ್ ಸಹ ತೆರೆಯಬಹುದಾದದ್ದು. ಅಳತೆ ಹೇಳುವುದು ಎಲ್ಲಾ ಮುಗಿದ ಮೇಲೆ, ವರದಿಯಲ್ಲಿ.

ಫಲಿತಾಂಶದ ಲೆಕ್ಕ ಹಾಕುವಾಗ ಚರಕ–ಬೇಸಿನ್ ಅನ್ನುವುದನ್ನೂ ಒಂದು ಅಂಶವಾಗಿ ಸೇರಿಸಿ. ಪದರ ಮಾಡಿ ಹಂಚಿ, ಲೆಕ್ಕದಲ್ಲಿ ಮರೆತರೆ ಗಳಿಸಿದ ನಿಖರತೆಯನ್ನು ಅಲ್ಲೇ ಬಿಟ್ಟುಬಂದ ಹಾಗೆ.

ಕೊನೆಯವರು ಸೇರಿದ ದಿನ ಉಳಿದ ಲಕೋಟೆಗಳನ್ನು ತೆರೆಯದೆ ಪಟ್ಟಿ ಮಾಡಿದವರಿಗೆ ವಾಪಸ್ ಕೊಡಿ. ಅವರು ಅಂಟು, ಸಹಿ ಸರಿಯಿದೆಯಾ ನೋಡಿ, ಹರಿದ ಲಕೋಟೆಗಳೊಳಗಿನ ಚೀಟಿಗಳನ್ನು ಬೀರುವಿನಲ್ಲಿದ್ದ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ಹಾಕುತ್ತಾರೆ. ಪ್ರತಿ ಚೀಟಿಯ ಮೇಲೂ ಕಾರ್ಬನ್ನಿನ ನೀಲಿ ಅಕ್ಷರದಲ್ಲಿ ಒಂದು ಹೆಸರು ಇರಬೇಕು.